ಅಪ್‌ಡೇಟ್: ಕರುವಿನ ಕೋಡು ಸುಡಿಸಿದ್ದಾಯಿತು

ನನ್ನ ಪ್ರಶ್ನೆ: "ಮೂರು ವಾರದ ಎಚ್‌ಎಫ್ ಮಿಶ್ರತಳಿ ಹೆಣ್ಣು ಕರು. ಕೋಡು ಈಗಲೇ ಸುಡಿಸಬಹುದೇ? ನೋವು ತಡೆಯುವುದು ಹೇಗೆ? ಊರು ಹಾವೇರಿ ಹತ್ತಿರ."

ಪಶುವೈದ್ಯರು ಕೋಡಿನ ಮೊಗ್ಗನ್ನು ಬೆರಳಿನಿಂದ ಅಲುಗಾಡಿಸಿ ನೋಡಿದರು. ಚರ್ಮದೊಂದಿಗೆ ಸರಿದಾಡಿತು, ಇದೇ ಸರಿಯಾದ ಹೊತ್ತು ಎಂದರು. ಸುಮಾರು ಎರಡು ತಿಂಗಳು ದಾಟಿದರೆ ಅದು ತಲೆಬುರುಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಕತ್ತರಿಸುವುದೇ ಗತಿ.

ಕಣ್ಣಿನ ಹೊರಮೂಲೆಗೂ ಕೋಡಿನ ಬುಡಕ್ಕೂ ನಡುವೆ, ಎಲುಬಿನ ಏಣಿನ ಕೆಳಗೆ, ಎರಡೂ ಬದಿಗೆ ಮರಗಟ್ಟಿಸುವ ಮದ್ದು ಲಿಗ್ನೋಕೇನ್ ಚುಚ್ಚಿದರು. ಹತ್ತು ನಿಮಿಷ ಬಿಟ್ಟು ಸೂಜಿಯಿಂದ ಮೊಗ್ಗಿನ ಸುತ್ತ ಚುಚ್ಚಿ ನೋಡಿದಾಗ ಎಡಬದಿಯಲ್ಲಿ ಕರು ತಲೆ ಕೊಡವಿತು. ಅಲ್ಲಿಗೆ ಮತ್ತೊಮ್ಮೆ ಮದ್ದು ಕೊಟ್ಟು, ಮರಗಟ್ಟಿದ್ದು ಖಾತ್ರಿಯಾದ ಮೇಲಷ್ಟೇ ಕಾದ ಕಬ್ಬಿಣ ಇಟ್ಟರು. ಮೊಗ್ಗಿನ ಸುತ್ತ ತಾಮ್ರದ ಬಣ್ಣದ ಉಂಗುರ ಪೂರ್ತಿ ಮೂಡಿದರೆ ಸಾಕು. ಅದಕ್ಕಿಂತ ಹೆಚ್ಚು ಒತ್ತಿ ಹಿಡಿದರೆ ಎಲುಬಿಗೇ ಪೆಟ್ಟು.

ಲಿಗ್ನೋಕೇನ್ ಒಂದೆರಡು ತಾಸಿನಲ್ಲಿ ಇಳಿಯುತ್ತದೆ. ನಂತರದ ನೋವಿಗೆಂದು ಮೆಲಾಕ್ಸಿಕ್ಯಾಮ್ ಚುಚ್ಚುಮದ್ದನ್ನು ಮೊದಲೇ ಕೊಟ್ಟಿದ್ದರು. ಸಂಜೆ ಕರು ಎಂದಿನಂತೆ ಹಾಲು ಕುಡಿಯಿತು.

ಅರಿಸಿನ, ಬೂದಿ ಹಚ್ಚಲು ಅತ್ತೆಯವರು ಸಿದ್ಧರಾಗಿದ್ದರು, ಕಷ್ಟಪಟ್ಟು ತಡೆದೆ. ಗಾಯವನ್ನು ಒಣಗಿಸಿಯೇ ಇಟ್ಟಿದ್ದೇವೆ. ಸುತ್ತಲೂ ನೊಣ ಓಡಿಸುವ ಸ್ಪ್ರೇ ಮಾತ್ರ. ಹಕ್ಕಳೆ ತಾನಾಗಿ ಉದುರಲು ವಾರಗಳೇ ಬೇಕಂತೆ. ಕೀವು, ದುರ್ವಾಸನೆ ಅಥವಾ ಹುಳ ಕಂಡರೆ ತಕ್ಷಣ ಕರೆಯಲು ವೈದ್ಯರು ಹೇಳಿದ್ದಾರೆ.