ಬಸುರಿಯಲ್ಲಿ ಬಂದ ಬಿಪಿ: ಹೆರಿಗೆಯಾಗಿ 2 ವರ್ಷದ ಮೇಲೆ ಏನೇನು ಪರೀಕ್ಷೆ ಬೇಕು?

ಪ್ರಶ್ನೆ, ಹಾಸನದಿಂದ ಒಬ್ಬ ತಾಯಿ: ನನಗೆ 28 ವರ್ಷ. ಮಗುವಿಗೆ ಈಗ 2 ವರ್ಷ. 32ನೇ ವಾರದಲ್ಲಿ ಬಿಪಿ 170/110 ಆಗಿ, ಮೂತ್ರದಲ್ಲಿ ಪ್ರೊಟೀನ್ ಹೋಗಿ, ಆಪರೇಷನ್ ಮಾಡಿ ಮಗು ತೆಗೆದರು. ಪ್ರಿಎಕ್ಲಾಂಪ್ಸಿಯಾ ಅಂತ ಬರೆದಿದ್ದಾರೆ. 2 ತಿಂಗಳಿಗೆ ಮಾತ್ರೆ ನಿಲ್ಲಿಸಿದರು. ಮೊನ್ನೆ ಕ್ಲಿನಿಕ್‌ನಲ್ಲಿ 126/84 ಇತ್ತು, ನಾರ್ಮಲ್ ಅಂದರು. ಮುಂದೆ ಹಾರ್ಟ್ ತೊಂದರೆ ಬರುತ್ತೆ ಅಂತ ಎಲ್ಲೋ ಓದಿ ಭಯ ಆಗಿದೆ. ವರ್ಷಕ್ಕೊಮ್ಮೆ ಏನು ಮಾಡಿಸಬೇಕು? ಹೃದಯದ ಸ್ಕ್ಯಾನ್ ಎಕೋ ಬೇಕಾ?

ಡಾಕ್ಟರ್, ಮೆಡಿಸಿನ್ ವಿಭಾಗ, ಮೈಸೂರು: ನೀವು ಓದಿದ್ದು ನಿಜ ಅಮ್ಮ, ಆದರೆ ಅದನ್ನು ಸರಿಯಾದ ಅಳತೆಯಲ್ಲಿ ನೋಡಬೇಕು. ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಖಾಯಂ ಬಿಪಿ ಬರುವ ಸಾಧ್ಯತೆ ಬೇರೆ ತಾಯಂದಿರಿಗಿಂತ 3ರಿಂದ 4 ಪಟ್ಟು. ಹೃದಯಾಘಾತ, ಸ್ಟ್ರೋಕ್ ಸುಮಾರು 2 ಪಟ್ಟು. ಹೃದಯ ಪಂಪ್ ಮಾಡುವ ಶಕ್ತಿ ಕುಗ್ಗುವ ತೊಂದರೆ ಸುಮಾರು 4 ಪಟ್ಟು. 34 ವಾರಕ್ಕೆ ಮೊದಲೇ ಬಂದವರಲ್ಲಿ ಇದು ಇನ್ನೂ ಜಾಸ್ತಿ, ನೀವು ಆ ಗುಂಪಿನವರು. ಆದರೆ 28 ವರ್ಷದ ಹೆಂಗಸಿಗೆ ಹಾರ್ಟ್ ಅಟ್ಯಾಕ್ ಆಗುವ ಸಾಧ್ಯತೆಯೇ ಬಹಳ ಕಡಿಮೆ. ಅದರ ಎರಡು ಪಟ್ಟು ಅಂದರೂ ಕಡಿಮೆಯೇ. ಬಿಪಿಯ ಕತೆ ಹಾಗಲ್ಲ. ಅದು ಮೊದಲು ಬರುತ್ತದೆ, ಹೆರಿಗೆಯಾದ ಮೊದಲ ಕೆಲವು ವರ್ಷಗಳಲ್ಲೇ ಬರಬಹುದು, ಏನೂ ಸೂಚನೆ ಕೊಡುವುದಿಲ್ಲ. ಹೃದಯ, ಕಿಡ್ನಿ ಎರಡಕ್ಕೂ ಪೆಟ್ಟು ಬೀಳುವುದು ಬಹುಪಾಲು ಈ ದಾರಿಯಲ್ಲೇ. ಹಾಗಾಗಿ ನನ್ನ ಮಟ್ಟಿಗೆ ವರ್ಷದ ಪರೀಕ್ಷೆ ಅಂದರೆ ಮೊದಲು ಬಿಪಿ, ಆಮೇಲೆ ಉಳಿದದ್ದು.

ಕ್ಲಿನಿಕ್‌ನಲ್ಲಿ ಒಂದು ಸಲ ನೋಡಿ ನಾರ್ಮಲ್ ಅನ್ನುವುದು ನಿಮ್ಮಂಥವರಿಗೆ ಸಾಲದು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ತೀವ್ರ ಪ್ರಿಎಕ್ಲಾಂಪ್ಸಿಯಾ ಆಗಿ ಒಂದು ವರ್ಷವಾದ 200 ಹೆಂಗಸರಿಗೆ ಇಡೀ ದಿನ ಬಿಪಿ ಮೆಷಿನ್ ಕಟ್ಟಿ ನೋಡಿದರು. ನೂರಕ್ಕೆ 17-18 ಜನರಿಗೆ ಆಸ್ಪತ್ರೆಯಲ್ಲಿ ಸರಿಯಾಗಿಯೇ ಇತ್ತು, ಹೊರಗೆ ಓಡಾಡುವಾಗ ಜಾಸ್ತಿ ಇತ್ತು.

ಅದಕ್ಕೇ ಮನೆಯಲ್ಲಿ ಒಂದು ವಾರ ನೋಡಿ. ಮಣಿಕಟ್ಟಿಗೆ ಕಟ್ಟುವ ಮೆಷಿನ್ ಬೇಡ, ತೋಳಿಗೆ ಕಟ್ಟುವುದು ಇರಲಿ. ಪಟ್ಟಿ ತೋಳಿಗೆ ಸರಿಹೊಂದಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ಕಾಫಿ ಕುಡಿದ ಅರ್ಧ ಗಂಟೆಯೊಳಗೆ ನೋಡಬೇಡಿ. ಒರಗಿ ಕೂತು, ಪಾದ ನೆಲಕ್ಕೆ ಊರಿ, 5 ನಿಮಿಷ ಸುಮ್ಮನಿರಿ. ಆಮೇಲೆ ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ ಹೀಗೆ, ಸಂಜೆ ಹೀಗೆ, 7 ದಿನ. ಮೊದಲ ದಿನದ ಲೆಕ್ಕ ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಮುಟ್ಟಿದರೆ ಅದು ಕ್ಲಿನಿಕ್‌ನ 140/90ಕ್ಕೆ ಸಮ.

ಇದರ ಜೊತೆ ತೂಕ ಮತ್ತು ಸೊಂಟದ ಸುತ್ತಳತೆ, ನಮ್ಮ ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ರಕ್ತದಲ್ಲಿ ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟ್ರಾಲ್, ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್. ಮೂತ್ರದಲ್ಲಿ ಆಲ್ಬುಮಿನ್ ಕ್ರಿಯಾಟಿನಿನ್ ರೇಷಿಯೋ, ಅಂದರೆ ಆಲ್ಬುಮಿನ್ ಎಂಬ ಪ್ರೊಟೀನ್ ಕಿಡ್ನಿಯಿಂದ ಎಷ್ಟು ಸೋರುತ್ತಿದೆ ಎಂಬ ಅಳತೆ. ಈ ಕೊನೆಯದನ್ನು ಲ್ಯಾಬ್‌ನಲ್ಲಿ ಹೆಸರು ಹೇಳಿ ಕೇಳಿ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಸ್ವಲ್ಪ ಸೋರುವ ಆಲ್ಬುಮಿನ್ ಸಿಗುವುದಿಲ್ಲ.

ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ: ಡಾಕ್ಟ್ರೇ, ಇಷ್ಟೆಲ್ಲ ಬಿಡಿಬಿಡಿಯಾಗಿ ಯಾಕೆ? ಮಾಸ್ಟರ್ ಚೆಕಪ್ ಪ್ಯಾಕೇಜ್‌ನಲ್ಲಿ ಇಸಿಜಿ, ಎಕೋ, ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡೋ ಟಿಎಂಟಿ ಎಲ್ಲ ಬರುತ್ತೆ. ವರ್ಷಕ್ಕೊಂದು ಸಲ ಅದನ್ನೇ ಮಾಡಿಸಿದರೆ ಹೃದಯದ ಚಿಂತೆ ಇರಲ್ಲ. ಶುಗರ್‌ಗೆ ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ ಸಾಕು, ಖಾಲಿ ಹೊಟ್ಟೆಯಲ್ಲಿ ಬರೋ ಕಷ್ಟ ಇಲ್ಲ.

ಡಾಕ್ಟರ್, ಮೈಸೂರು: ರಕ್ತದ ಪರೀಕ್ಷೆ ಪ್ಯಾಕೇಜ್‌ನಲ್ಲಿ ಅಗ್ಗಕ್ಕೆ ಸಿಗುತ್ತೆ, ಅದು ಸರಿ. ಆದರೆ ಏನೂ ತೊಂದರೆ ಇಲ್ಲದ 28ರ ಹೆಂಗಸಿಗೆ ವರ್ಷವರ್ಷ ಟಿಎಂಟಿ ಮಾಡಿಸಿದರೆ ಸುಳ್ಳು ಪಾಸಿಟಿವ್ ಬಂದು ಬೇಡದ ಆಂಜಿಯೋಗ್ರಾಮ್‌ವರೆಗೂ ಹೋಗಬಹುದು. ಎಕೋ ಕೂಡ ರೂಢಿಗೆ ಬೇಡ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ, ರಾತ್ರಿ ಚಪ್ಪಟೆ ಮಲಗಲು ಆಗದಿದ್ದರೆ, ಕಾಲು ಬಾತುಕೊಂಡರೆ ಆಗ ಎಕೋ ಬೇಕು, ತಡ ಮಾಡಬಾರದು. ನಿಮ್ಮ ಪ್ಯಾಕೇಜ್‌ನಲ್ಲಿ ಆಲ್ಬುಮಿನ್ ರೇಷಿಯೋ ಇದೆಯಾ ನೋಡಿ, ಬಹಳ ಕಡೆ ಅದೇ ಇರುವುದಿಲ್ಲ.

ಎಚ್‌ಬಿಎ1ಸಿ ಬಗ್ಗೆ ಒಂದು ಮಾತು. ಕಬ್ಬಿಣದ ಅಂಶ ಕಡಿಮೆ ಇರುವ ರಕ್ತಹೀನತೆಯಲ್ಲಿ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಚಿಕ್ಕ ಮಗುವಿನ ತಾಯಂದಿರಲ್ಲಿ ರಕ್ತಹೀನತೆ ಎಷ್ಟಿದೆ ಅಂತ ನಿಮಗೇ ಗೊತ್ತು.

ಶಾಲಾ ಶಿಕ್ಷಕಿ, ಧಾರವಾಡ: ನನಗೆ 1999ರಲ್ಲಿ ಹೆರಿಗೆ ಹೊತ್ತಿನಲ್ಲಿ ಫಿಟ್ಸ್ ಬಂದಿತ್ತು. ಮಗು ಉಳಿಯಿತು, ನಾನೂ ಉಳಿದೆ. ಆಮೇಲೆ ಯಾರೂ ಆ ವಿಷಯ ಕೇಳಲೇ ಇಲ್ಲ, ನಾನೂ ಹೇಳಲಿಲ್ಲ. 44ನೇ ವಯಸ್ಸಿಗೆ ಶಾಲೆಯ ಕ್ಯಾಂಪ್‌ನಲ್ಲಿ ಬಿಪಿ 170/100 ಅಂತ ಗೊತ್ತಾಯಿತು. ಅಷ್ಟು ಹಿಂದಿನದೂ ಲೆಕ್ಕಕ್ಕೆ ಬರುತ್ತದಾ ಮೇಡಂ? ಕಾಗದ ಒಂದೂ ಉಳಿದಿಲ್ಲ.

ಡಾಕ್ಟರ್, ಮೈಸೂರು: ಬರುತ್ತದೆ ಅಕ್ಕ. ಕಾಗದ ಇಲ್ಲದಿದ್ದರೂ ಪರವಾಗಿಲ್ಲ, ಹೆರಿಗೆ ಹೊತ್ತಲ್ಲಿ ಬಿಪಿ ಏರಿ ಫಿಟ್ಸ್ ಬಂದಿತ್ತು ಅಂತ ಒಂದು ಮಾತು ಹೇಳಿದರೆ ಸಾಕು. ಹೃದಯದ ಅಪಾಯ ಲೆಕ್ಕ ಹಾಕುವ ಹೆಚ್ಚಿನ ಕ್ಯಾಲ್ಕುಲೇಟರ್‌ಗಳಲ್ಲಿ ಇದಕ್ಕೆ ಕಾಲಂ ಇಲ್ಲ, ನೀವು ಹೇಳದಿದ್ದರೆ ವೈದ್ಯರಿಗೆ ಗೊತ್ತಾಗುವ ದಾರಿಯೇ ಇಲ್ಲ. ಮುಟ್ಟು ನಿಂತ ಮೇಲೆ ಕೊಲೆಸ್ಟ್ರಾಲ್, ಬಿಪಿ ಎರಡೂ ಏರುತ್ತವೆ, ಆಲ್ಬುಮಿನ್ ರೇಷಿಯೋ ಮಾಡಿಸದಿದ್ದರೆ ಈಗ ಮಾಡಿಸಿ.

ಒಬ್ಬ ಅತ್ತೆ, ಚಿತ್ರದುರ್ಗ: ನಮ್ಮ ಸೊಸೆಗೆ 7 ತಿಂಗಳು. ಬಿಪಿ 150/96 ಬಂದಿದೆ, ಕಾಲೂ ಬಾತಿದೆ. ಉಪ್ಪು ಪೂರ್ತಿ ಬಿಡಿಸಿ ವಾರ ನೋಡೋಣ ಅಂತಿದ್ದೀವಿ. ನೀವು ಹೇಳಿದ ಪರೀಕ್ಷೆಗಳನ್ನೇ ಮಾಡಿಸಲಾ?

ಡಾಕ್ಟರ್, ಮೈಸೂರು: ಇಲ್ಲಮ್ಮ, ಅದು ಬೇರೆ ವಿಷಯ. ನಾವು ಮಾತಾಡುತ್ತಿರುವುದು ಹೆರಿಗೆಯಾಗಿ ವರ್ಷಗಳ ಮೇಲಿನದು. ನಿಮ್ಮ ಸೊಸೆಯನ್ನು ಇವತ್ತೇ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ವಾರ ಕಾಯಬೇಡಿ. ಉಪ್ಪು ಬಿಡುವುದರಿಂದ ಇದು ನಿಲ್ಲುವುದಿಲ್ಲ. ತಲೆನೋವು, ಕಣ್ಣು ಮಂಜು, ಎದೆ ಕೆಳಗೆ ಹೊಟ್ಟೆ ನೋವು ಇದ್ದರೆ, ಅಥವಾ 160/110 ಮುಟ್ಟಿದರೆ ಒಂದು ಗಂಟೆಯೂ ತಡ ಬೇಡ.

ಹಾಸನದ ತಾಯಿ, ಎರಡು ವಾರದ ನಂತರ: ಮೇಡಂ, ಹೇಳಿದ ಹಾಗೆ ನೋಡಿದೆ. ಸರಾಸರಿ 137/88 ಬಂತು. ಫಾಸ್ಟಿಂಗ್ ಶುಗರ್ 106, ಕ್ರಿಯಾಟಿನಿನ್ 0.7, ಎಲ್‌ಡಿಎಲ್ ಕೊಲೆಸ್ಟ್ರಾಲ್ 124, ಆಲ್ಬುಮಿನ್ ರೇಷಿಯೋ 48, ಹಿಮೋಗ್ಲೋಬಿನ್ 9.6. ಆರೋಗ್ಯ ಕೇಂದ್ರದಲ್ಲಿ ಉಚಿತ ತಪಾಸಣೆ 30 ದಾಟಿದವರಿಗೆ ಅಂದರು. ನಾನು ಗರ್ಭನಿರೋಧಕ ಮಾಲಾ-ಎನ್ ತಗೊಳ್ತಿದ್ದೀನಿ. ಎರಡನೇ ಮಗು ಒಂದು ವರ್ಷದ ಮೇಲೆ ನೋಡೋಣ ಅಂತ ಇದೆ.

ಡಾಕ್ಟರ್, ಮೈಸೂರು: ಇದನ್ನು ಬರೆದಿದ್ದು ತುಂಬಾ ಒಳ್ಳೆಯದಾಯಿತು. ಮೊದಲು ಮಾತ್ರೆ ವಿಷಯ. ಮಾಲಾ-ಎನ್‌ನಲ್ಲಿ ಈಸ್ಟ್ರೋಜನ್ ಇದೆ. ಅದು ಬಿಪಿ ಏರಿಸಬಹುದು, ಬಿಪಿ ಇರುವವರಿಗೆ ಸ್ಟ್ರೋಕ್ ಅಪಾಯವನ್ನೂ ಹೆಚ್ಚಿಸುತ್ತದೆ. ಸ್ತ್ರೀರೋಗ ವೈದ್ಯರನ್ನು ಕೇಳಿ ಕಾಪರ್-ಟಿ ಅಥವಾ ಈಸ್ಟ್ರೋಜನ್ ಇಲ್ಲದ ಬೇರೆ ವಿಧಾನಕ್ಕೆ ಬದಲಿಸಿ. ಮಧ್ಯೆ ಖಾಲಿ ಬಿಡಬೇಡಿ. ಬದಲಿಸಿ 2-3 ತಿಂಗಳ ಮೇಲೆ ಮತ್ತೆ ಒಂದು ವಾರ ಬಿಪಿ ನೋಡಿ, ಆ ಮಾತ್ರೆಯ ಪಾಲೆಷ್ಟು ಅಂತ ತಿಳಿಯುತ್ತದೆ.

137/88 ಮನೆಯ ಮಿತಿ ದಾಟಿದೆ. ನಿಮ್ಮ ಕ್ಲಿನಿಕ್‌ನ 126/84 ಅದನ್ನು ಮರೆಮಾಡಿತ್ತು. ರೇಷಿಯೋ 30 ಮೇಲಿದ್ದರೆ ಜಾಸ್ತಿ. ಆದರೆ ಒಂದು ಸಲದ್ದನ್ನು ನಂಬಬೇಡಿ. ಜ್ವರ, ಮೂತ್ರದ ಸೋಂಕು, ಮುಟ್ಟು ಇಲ್ಲದ ದಿನ, ಬೆಳಗಿನ ಮೊದಲ ಮೂತ್ರ ಕೊಡಿ. 3 ತಿಂಗಳಲ್ಲಿ 3 ಸಲದಲ್ಲಿ 2 ಸಲ ಹೆಚ್ಚಿದ್ದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತ ಅರ್ಥ. ಕ್ರಿಯಾಟಿನಿನ್ 0.7 ಚೆನ್ನಾಗಿಯೇ ಇದೆ, ಆದರೆ ಅದೊಂದೇ ನೋಡಿ ಕಿಡ್ನಿ ಸರಿ ಇದೆ ಅನ್ನಲಾಗದು. ಶುಗರ್ 106 ಅಂಚಿನಲ್ಲಿದೆ. ರಕ್ತ ಕಡಿಮೆ ಇರುವುದರಿಂದ ಎಚ್‌ಬಿಎ1ಸಿ ಬೇಡ, 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆಗೆ ನೋಡುವ ಪರೀಕ್ಷೆ ಮಾಡಿಸಿ. ರಕ್ತಹೀನತೆಗೂ ಚಿಕಿತ್ಸೆ ಬೇಕು.

ಆರೋಗ್ಯ ಕೇಂದ್ರದಲ್ಲಿ ವಯಸ್ಸಿನ ಮಾತು ಬಂದರೆ ತಾಯಿ ಕಾರ್ಡ್, ಡಿಸ್ಚಾರ್ಜ್ ಸಮರಿ ತೋರಿಸಿ. ಸಾಮೂಹಿಕ ತಪಾಸಣೆಗೆ 30ರ ಮಿತಿ ಇದೆ ನಿಜ, ಆದರೆ ತೊಂದರೆ ಇರುವವರ ಬಿಪಿ ನೋಡಲು ವಯಸ್ಸು ಅಡ್ಡ ಬರಬಾರದು.

ಈಗ ಔಷಧಿ. ರೇಷಿಯೋ ಜಾಸ್ತಿ ಅಂತ ಖಚಿತವಾದರೆ ಎನಲಾಪ್ರಿಲ್ ಗುಂಪಿನ ಮಾತ್ರೆ ಕಿಡ್ನಿಗೆ ಒಳ್ಳೆಯದು. ಆದರೆ ಅದನ್ನು ಬಸುರಿಯಲ್ಲಿ ತೆಗೆದುಕೊಳ್ಳುವಂತಿಲ್ಲ, ಮಗುವಿಗೆ ಅಪಾಯ. ನಿಮಗೆ ಒಂದು ವರ್ಷದಲ್ಲಿ ಮಗು ಬೇಕು ಅಂದಿದ್ದೀರಿ. ನಾನಾದರೆ ಲೆಬಟಲಾಲ್ ಅಥವಾ ನಿಫೆಡಿಪಿನ್ ಯೋಚಿಸುತ್ತೇನೆ.

ಡಾಕ್ಟರ್, ಫ್ಯಾಮಿಲಿ ಪ್ರಾಕ್ಟೀಸ್, ತುಮಕೂರು: ಇಲ್ಲಿ ನನಗೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ. ಈಗಿನ ಬಿಪಿ ಮಾಲಾ-ಎನ್ ನಿಲ್ಲಿಸಿದ ಮೇಲೆ ಇಳಿಯಬಹುದು. 3 ತಿಂಗಳು ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ಬಿರುಸಾಗಿ ನಡೆದು, ಆಮೇಲೆ ಔಷಧಿ ನಿರ್ಧರಿಸಿದರೆ ಸಾಲದೇ? 28ಕ್ಕೇ ಬಿಪಿ ಮಾತ್ರೆ ಶುರು ಮಾಡೋದು ನನಗೆ ಅಷ್ಟು ಸುಲಭದ ಮಾತಲ್ಲ.

ಡಾಕ್ಟರ್, ಮೈಸೂರು: ಮಾಲಾ-ಎನ್ ವಿಷಯ ಸರಿ, ಅದರಿಂದಲೇ ಏರಿದ್ದಿರಬಹುದು. ರೇಷಿಯೋ ಮತ್ತೆ ನಾರ್ಮಲ್ ಬಂದರೆ ನಿಮ್ಮಂತೆ ಕಾಯಲು ನನಗೆ ಅಡ್ಡಿಯಿಲ್ಲ. ರೇಷಿಯೋ ಜಾಸ್ತಿಯೇ ಇದ್ದು, 24 ಗಂಟೆಯ ಬಿಪಿಯೂ ಜಾಸ್ತಿ ಇದ್ದರೆ ನಾನು ಕಾಯುವುದಿಲ್ಲ. ಈ ಗಡಿಯಲ್ಲಿ ಯಾವಾಗ ಶುರು ಮಾಡಬೇಕು ಅನ್ನುವುದಕ್ಕೆ ಪ್ರಿಎಕ್ಲಾಂಪ್ಸಿಯಾ ಆದವರನ್ನೇ ಇಟ್ಟುಕೊಂಡು ಮಾಡಿದ ದೊಡ್ಡ ಪ್ರಯೋಗಗಳು ಕಡಿಮೆ, ಅದಕ್ಕೇ ನಾವಿಬ್ಬರೂ ಹೀಗೆ ಮಾತಾಡುತ್ತಿರುವುದು.

ಹಾಸನದ ತಾಯಿ: ಹಾಗಾದರೆ ಎರಡನೇ ಮಗು ಬೇಡವೇ?

ಡಾಕ್ಟರ್, ಮೈಸೂರು: ಬೇಡ ಅಂತ ನಾನು ಹೇಳುವುದಿಲ್ಲ. ಬಿಪಿ, ಶುಗರ್, ರಕ್ತ ಸರಿಮಾಡಿಕೊಂಡು ಆಮೇಲೆ. ಗರ್ಭ ನಿಂತ ತಕ್ಷಣ ಹೋಗಿ ಹಿಂದಿನ ಕತೆ ಹೇಳಿ. ಪ್ರಿಎಕ್ಲಾಂಪ್ಸಿಯಾ ಮತ್ತೆ ಬರುವ ಸಾಧ್ಯತೆ ತಗ್ಗಿಸಲು 12 ವಾರದ ಹೊತ್ತಿಗೆ ಆಸ್ಪಿರಿನ್, ಸಾಮಾನ್ಯವಾಗಿ ರಾತ್ರಿ 150 ಮಿ.ಗ್ರಾಂ, ಶುರು ಮಾಡುತ್ತಾರೆ. 16 ವಾರ ದಾಟಿಸಬಾರದು. ಸ್ವಂತ ನಿರ್ಧಾರದಿಂದ ತೆಗೆದುಕೊಳ್ಳಬೇಡಿ.

ಹಾಸನದ ತಾಯಿ: ಮಂಗಳವಾರ 24 ಗಂಟೆಯ ಬಿಪಿ ಮೆಷಿನ್ ಕಟ್ಟಿಸಿಕೊಳ್ಳುತ್ತಿದ್ದೇನೆ.

ಡಾಕ್ಟರ್, ಮೈಸೂರು: ಆ ದಿನ ಮನೆಯ ಮೆಷಿನ್ ಕೂಡ ತಗೊಂಡು ಹೋಗಿ, ಎರಡೂ ಒಂದೇ ತೋಳಿಗೆ ಕಟ್ಟಿ ಹೋಲಿಸಿ ನೋಡಲು ಹೇಳಿ. 5 ಪಾಯಿಂಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹೇಳಿ, 137/88 ಅನ್ನು ಮತ್ತೆ ಯೋಚಿಸೋಣ.