‘ಕ್ಯಾನ್’ ಅಂದ್ರೆ ‘ಕಾಂಟ್’ ಅಂತ ಕೇಳೋದ್ಯಾಕೆ? ಆಡಿಯೋ ಪಾಠದ ಸ್ಕ್ರಿಪ್ಟ್ ಚರ್ಚೆ

ತೀರ್ಥಹಳ್ಳಿ_ತರಗತಿ: ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಮಾತಿನ ಬಗ್ಗೆ 3 ನಿಮಿಷದ ಆಡಿಯೋ ಪಾಠ ಮಾಡ್ತಿದೀನಿ. ಡ್ರಾಫ್ಟ್ ಹೀಗಿದೆ: “ಬರೆಯೋದು ಕ್ಯಾನ್, ಮಾತಲ್ಲಿ ಕನ್. ಬರೆಯೋದು ಐ ಆಮ್, ಮಾತಲ್ಲಿ ಐಮ್.” ಇಂಥ 12 ಜೋಡಿ. ಮಕ್ಕಳು ಪಟ್ಟಿ ಒಪ್ಪಿಸ್ತಾರೆ, ಆದ್ರೆ ಅಮೆರಿಕದವರ ಮಾತು ಹಾಕಿದ್ರೆ ಕ್ಯಾನೋ ಕಾಂಟೋ ಗೊತ್ತಾಗಲ್ಲ. ಏನು ಬದಲಿಸಲಿ?

ಸೊರಬ_ಸಂತೆ: 12 ಜಾಸ್ತಿ ಆಯ್ತು ಸರ್, ಒಂದೇ ಸಾಕು. ಮತ್ತೆ ಓದೋರಿಗೆ ಸ್ಪೀಡಾಗಿ ಓದೋಕೆ ಹೇಳಿ. ವೇಗ ಬಂದ್ರೆ ಅಕ್ಷರ ತಾನಾಗೇ ನುಂಗಿ ಹೋಗತ್ತೆ.

ಧ್ವನಿಪೆಟ್ಟಿಗೆ: ಒಂದೇ ಸಾಕು ಅನ್ನೋದು ಸರಿ, ವೇಗದ ಮಾತು ಸರಿಯಲ್ಲ. ಅವರು ನಿಧಾನಕ್ಕೆ ಮಾತಾಡಿದ್ರೂ ‘ಐ ಕನ್ ಕಮ್’ನಲ್ಲಿ ಒತ್ತು ಬೀಳೋದು ‘ಕಮ್’ ಮೇಲೆ. ‘ಕನ್’ ಬಾಯಿ ಅರ್ಧವೂ ತೆರೆಯದೆ ಜಾರಿ ಹೋಗತ್ತೆ. ‘ಕಾಂಟ್’ ಬಂದ್ರೆ ಅದಕ್ಕೂ ಒತ್ತು ಬಿದ್ದು ಸ್ವರ ಪೂರ್ತಿಯಾಗಿ ಕೇಳತ್ತೆ. ಅಮೆರಿಕದವರು ಅದನ್ನ ‘ಕ್ಯಾಂಟ್’ ಅಂತಾರೆ, ಕೊನೇ ‘ಟ್’ ಎಷ್ಟೋ ಸಲ ಗಂಟಲಲ್ಲೇ ನಿಲ್ಲತ್ತೆ. ಹಾಗಾಗಿ ನಮ್ಮ ಹುಡುಗ ಒತ್ತಿ ‘ಐ ಕ್ಯಾನ್ ಕಮ್’ ಅಂದ್ರೆ ಅವರಿಗೆ ‘ಬರಕ್ಕಾಗಲ್ಲ’ ಅಂತ ಕೇಳಬಹುದು. ‘ಟ್’ ಹುಡುಕೋದು ಬಿಟ್ಟು ಸ್ವರ ದೊಡ್ಡದೋ ಸಣ್ಣದೋ ಅಂತ ಕೇಳಿಸ್ಕೊಳ್ಳೋಕೆ ಕಲಿಸಬೇಕು.

ನಿಮ್ಮ ಡ್ರಾಫ್ಟ್ ಕೆಲಸ ಮಾಡದೇ ಇರೋದಕ್ಕೆ ಕಾರಣ ಪಟ್ಟಿ. ಪದ ಒಂಟಿಯಾಗಿ ನಿಂತ್ರೆ ಯಾವಾಗ್ಲೂ ಪೂರ್ತಿ ರೂಪದಲ್ಲೇ ಬರತ್ತೆ. ಸಣ್ಣ ರೂಪ ಇರೋದು ವಾಕ್ಯದೊಳಗೆ ಮಾತ್ರ.

ಅಡಿಕೆ_ಅಂಗಳ: ಒಳ್ಳೇ ವಿಷ್ಯ. ನಮ್ಮ ಕಡೆನೂ ಇದೇ ಗೋಳು. ಬೆಂಗಳೂರಿಂದ ಬಂದ ಹುಡುಗ್ರು ಪುಸ್ತಕ ನೋಡಿ ‘ಬರುತ್ತೇನೆ’ ಅಂತಾರೆ, ‘ಬರ್ತೀನಿ’ ಅನ್ನೋಕೆ ನಾಚಿಕೆ. ಕನ್ನಡಕ್ಕೂ ಒಂದು ಆಡಿಯೋ ಮಾಡಿ.

ಸೊರಬ_ಸಂತೆ: ಅಣ್ಣಾ, ಇಲ್ಲಿ ನಡೀತಿರೋದು ಇಂಗ್ಲಿಷ್ ಪಾಠ 😄

ಧ್ವನಿಪೆಟ್ಟಿಗೆ: ದಾರಿ ತಪ್ಪಿ ಬಂದ್ರೂ ಬೇಕಾದ್ದನ್ನೇ ತಂದಿದಾರೆ. ನಮ್ಮ ‘ಬರ್ತೀನಿ’ ವಾಕ್ಯದ ಕೊನೇಲಿ ನಿಲ್ಲತ್ತೆ: “ನಾಳೆ ಬರ್ತೀಯಾ?” “ಹೂಂ, ಬರ್ತೀನಿ.” ಇಂಗ್ಲಿಷಲ್ಲಿ ಹಾಗಾಗಲ್ಲ. “ಆರ್ ಯೂ ಕಮಿಂಗ್?” ಅಂದ್ರೆ “ಯೆಸ್, ಐಮ್” ಅಂತ ನಿಲ್ಲಿಸೋ ಹಾಗಿಲ್ಲ, “ಯೆಸ್, ಐ ಆಮ್” ಅಂತ ಬಿಡಿಸಿಯೇ ಹೇಳಬೇಕು. ‘ಯೆಸ್, ಐ ಕ್ಯಾನ್’ ಕೂಡ ಹಾಗೇ, ಕೊನೇಲಿ ಪೂರ್ತಿ ಸ್ವರ. ಆದ್ರೆ ‘ನೋ, ಐ ಕಾಂಟ್’ ಆರಾಮಾಗಿ ನಿಲ್ಲತ್ತೆ, ಅದು ಹೇಗೂ ಒತ್ತು ಇರೋ ರೂಪ. ಇಷ್ಟು ಹೇಳಿದ್ರೆ ನಿಮ್ಮ ಪಾಠದ ವ್ಯಾಕರಣ ಆಯ್ತು. ಹೀಗೆ ಬರೀರಿ:

> ದನಿ 1: ಎರಡು ವಾಕ್ಯ ಕೇಳಿ. ಯಾವುದರಲ್ಲಿ ಬಸ್ಸು ಸಿಗತ್ತೆ?
> ದನಿ 2: ಐ ಕನ್ ಟೇಕ್ ದ ಸಾಗರ ಬಸ್. (3 ಸೆಕೆಂಡ್ ಮೌನ)
> ದನಿ 2: ಐ ಕ್ಯಾಂಟ್ ಟೇಕ್ ದ ಸಾಗರ ಬಸ್. (3 ಸೆಕೆಂಡ್ ಮೌನ)
> ದನಿ 1: ಮೊದಲನೇದು. ಎರಡನೇದರಲ್ಲಿ ‘ಕ್ಯಾಂಟ್’ ಮೇಲೂ ತಾಳ ಬಿತ್ತು. ಈಗ ಮೇಜು ತಟ್ಟುತ್ತಾ ಹೇಳಿ.
> ದನಿ 1: ಕ್ಯಾನ್ ಯೂ ಟೇಕ್ ಇಟ್?
> ದನಿ 2: ಯೆಸ್, ಐ ಕ್ಯಾನ್.
> ದನಿ 1: ಕೊನೇಲಿ ಬಂತು, ಸ್ವರ ದೊಡ್ಡದಾಯ್ತು.

‘ಟೇಕ್’ ಬೇಕಂತಲೇ ಇಟ್ಟಿದ್ದು. ‘ಕ್ಯಾಂಟ್ ಟೇಕ್’ನಲ್ಲಿ ಎರಡು ‘ಟ್’ ಸೇರಿ ಒಂದೇ ಕೇಳತ್ತೆ, ‘ಟ್’ ನಂಬಿಕೊಂಡವರು ಅಲ್ಲೇ ಎಡವುತ್ತಾರೆ. ಮೌನ ಕತ್ತರಿಸಬೇಡಿ, ಮಕ್ಕಳು ಉತ್ತರ ಯೋಚಿಸೋದು ಆಗಲೇ. ರೆಕಾರ್ಡ್ ಮಾಡುವಾಗ ದನಿ 2ರವರ ಕೈಗೆ ಕನ್ನಡ ಲಿಪಿಯ ಸ್ಕ್ರಿಪ್ಟ್ ಕೊಡಬೇಡಿ. ‘ಕನ್’ ಅಂತ ನೋಡಿದ ತಕ್ಷಣ ಅದನ್ನೇ ಒತ್ತಿ ಓದ್ತಾರೆ.

ತೀರ್ಥಹಳ್ಳಿ_ತರಗತಿ: ಒತ್ತಿ ಓದಿದ್ದು ಗೊತ್ತಾಗೋದು ಹೇಗೆ? ನಂಗೂ ಕಿವಿ ಅಷ್ಟು ಪಳಗಿಲ್ಲ.

ಧ್ವನಿಪೆಟ್ಟಿಗೆ: ಸ್ಕ್ರಿಪ್ಟ್ ನೋಡದವರೊಬ್ಬರಿಗೆ ಎರಡೂ ವಾಕ್ಯ ಹಿಂದುಮುಂದಾಗಿ ಕೇಳಿಸಿ, ಬಸ್ಸು ಸಿಕ್ತೋ ಇಲ್ವೋ ಅಷ್ಟೇ ಕೇಳಿ. ತಡವರಿಸಿದ್ರೆ ‘ಟೇಕ್’ ಮೇಲೆ ಇನ್ನೂ ಒತ್ತು ಹಾಕಿಸಿ, ‘ಕನ್’ ತಾನಾಗೇ ಕುಗ್ಗತ್ತೆ. ‘ಕನ್ ಸಣ್ಣಕೆ ಹೇಳಿ’ ಅಂದ್ರೆ ಪಿಸುಗುಟ್ಟುತ್ತಾರೆ, ಅದು ಬೇಡ.

ಮಂಡಗದ್ದೆ_ಮೇಡಂ: ನಂಗೆ ಒಪ್ಪಿಗೆ ಇಲ್ಲದ್ದು ಒಂದಿದೆ. ನಮ್ಮ ಮಕ್ಕಳಿಗೆ ‘ಕಾಂಟ್’ ಅಂತ ಬ್ರಿಟಿಷ್ ದೀರ್ಘವೇ ರೂಢಿ. ಅದನ್ನೇ ಕಲಿಸಿದ್ರೆ ‘ಆ’ ಕೇಳಿದ ಕೂಡ್ಲೇ ಇಲ್ಲ ಅಂತ ಗೊತ್ತಾಗತ್ತೆ, ಗೊಂದಲವೇ ಇರಲ್ಲ. ‘ಕ್ಯಾಂಟ್’ ಯಾಕೆ ತರೋದು?

ಧ್ವನಿಪೆಟ್ಟಿಗೆ: ಮಾತಾಡೋಕೆ ನಿಮ್ಮದೇ ಒಳ್ಳೇದು ಮೇಡಂ, ಬದಲಿಸಬೇಡಿ. ಅವರು ಕೇಳಿದ ತೊಂದರೆ ಅಮೆರಿಕದವರ ಮಾತು ತಿಳಿಯೋದು.

ಮಂಡಗದ್ದೆ_ಮೇಡಂ: 3 ನಿಮಿಷದಲ್ಲಿ ಎರಡು ಉಚ್ಚಾರ ತುರುಕಿದ್ರೆ ಎರಡೂ ಹೋಗತ್ತೆ. ನಾನಾದ್ರೆ ಎರಡು ಆಡಿಯೋ ಮಾಡ್ತೀನಿ. ಇನ್ನೊಂದು, ಇದನ್ನ ಕೇಳಿ ಮಕ್ಕಳು ಪರೀಕ್ಷೆಯ ಅರ್ಜಿ ಪತ್ರದಲ್ಲೂ ‘ಐಮ್’, ‘ಕಾಂಟ್’ ಬರೀತಾರೆ. ಅಲ್ಲಿ ಬಿಡಿಸಿಯೇ ಬರೀಬೇಕು ಅಂತ ಒಂದು ಸಾಲು ಸೇರಿಸಿ.

ತೀರ್ಥಹಳ್ಳಿ_ತರಗತಿ: ಆ ಸಾಲು ಸೇರಿಸ್ತೀನಿ. ಬ್ರಿಟಿಷೋ ಅಮೆರಿಕನ್ನೋ ಅನ್ನೋದನ್ನ, ಎರಡರಲ್ಲೂ ರೆಕಾರ್ಡ್ ಮಾಡಿ ಮಕ್ಕಳಿಗೆ ಕೇಳಿಸಿಯೇ ನೋಡಬೇಕು.

ಅಡಿಕೆ_ಅಂಗಳ: ಸಾಗರ ಬಸ್ಸು ಅಂದ್ರಲ್ಲ, ಆಗುಂಬೆ ಬಸ್ಸು ಅಂತ ಹಾಕಿದ್ರೆ ಆಗಲ್ವಾ?

ಧ್ವನಿಪೆಟ್ಟಿಗೆ: ಧಾರಾಳವಾಗಿ ಹಾಕಿ. ‘ಟೇಕ್’ ಮಾತ್ರ ಬಿಡಬೇಡಿ.