ಮುತ್ಯಾನ ಮಾತಿನ ಹಿಂದೆ ತಿರುಗುವ ಫ್ಯಾನ್

ಕೇಳಿದವರು (ಕೊಪ್ಪಳ): ತುಂಗಭದ್ರಾ ಹಿನ್ನೀರಿನಲ್ಲಿ ಮುಳುಗಿದ ತಮ್ಮ ಊರಿನ ಬಗ್ಗೆ ನಮ್ಮ ಮುತ್ಯಾ ಹೇಳಿದ 40 ನಿಮಿಷದ ಮಾತು ನನ್ನ ಮೊಬೈಲಿನಲ್ಲಿದೆ. ಬೇಸಿಗೆಯಾದ್ದರಿಂದ ಫ್ಯಾನ್ ನಿಲ್ಲಿಸಿರಲಿಲ್ಲ. ಆಡಾಸಿಟಿಯಲ್ಲಿ ಸದ್ದು ತೆಗೆದಾಗ ಫ್ಯಾನ್ ಹೋಯಿತು, ಆದರೆ ಮುತ್ಯಾ ನೀರೊಳಗೆ ಕೂತು ಮಾತಾಡಿದಂತೆ ಕೇಳುತ್ತದೆ. ಅವರು ಈಗ ಇಲ್ಲ. ದಾರಿ ತಿಳಿದವರು ಹೇಳಿ.

ರಾಯಚೂರಿನ ಉಪನ್ಯಾಸಕರು: ನಮ್ಮ ಕಡೆ ಮೇ ತಿಂಗಳಲ್ಲಿ ಫ್ಯಾನ್ ನಿಲ್ಲಿಸಿ ಎಂದರೆ ಹಿರಿಯರು ಐದು ನಿಮಿಷವೂ ಕೂಡುವುದಿಲ್ಲ. ನಾನು ಮೊಬೈಲನ್ನು ಫ್ಯಾನಿನ ನೇರ ಕೆಳಗೆ ಇಡದೆ, ಮಾತನಾಡುವವರ ಬಾಯಿಂದ ಒಂದು ಗೇಣು ದೂರದಲ್ಲಿ, ಮಡಚಿದ ಟವೆಲ್ಲಿನ ಮೇಲೆ ಇಡುತ್ತೇನೆ. ಅಷ್ಟಕ್ಕೇ ಫ್ಯಾನಿನ ಸದ್ದು ಅರ್ಧ ಇಳಿದಂತಾಗುತ್ತದೆ. ನೀವೂ ಮುಂದಿನ ಸಲ ಹೀಗೆ ಮಾಡಿ ನೋಡಿ. ನನ್ನ ಕಷ್ಟ ಬೇರೆಯದು: ಮನೆ ಹೆದ್ದಾರಿಯ ಮಗ್ಗುಲಲ್ಲಿದೆ, ಪಾಠ ಮುದ್ರಿಸುವಾಗ ಲಾರಿಗಳ ಹಾರ್ನ್ ಬೀಳುತ್ತದೆ. ಅದಕ್ಕೂ ಯಾರಾದರೂ ಉಪಾಯ ಹೇಳಿದರೆ ಉಪಕಾರ.

ಸಿಂಧನೂರಿನವರು (ಯೂಟ್ಯೂಬಿನಲ್ಲಿ ಕೃಷಿ ಮಾಹಿತಿ ಕೊಡುವವರು): ಮಾತಿನ ನಡುವೆ ಮೌನ ಬಂದಾಗಲೇ ಫ್ಯಾನ್ ಕಿವಿಗೆ ಬೀಳುತ್ತದೆ ಎಂಬುದನ್ನು ಗಮನಿಸಿ. ಆದ್ದರಿಂದ ನಾನು ನಾಯ್ಸ್ ಗೇಟ್ ಹಾಕಿ ಮೌನದ ಜಾಗಗಳನ್ನು ಪೂರ್ತಿ ಮುಚ್ಚಿಬಿಡುತ್ತೇನೆ, ಮಾತಿನ ಭಾಗವನ್ನು ಮುಟ್ಟುವುದೇ ಇಲ್ಲ. ರೋಬೋಟಿನ ದನಿ ಬರುವ ಪ್ರಶ್ನೆಯೇ ಇರುವುದಿಲ್ಲ.

ಬಳ್ಳಾರಿಯಲ್ಲಿ ಧ್ವನಿ ಸಂಕಲನ ಮಾಡುವವರು: ಉಪನ್ಯಾಸಕರು ಹೇಳಿದ್ದು ಮುದ್ರಿಸುವ ಮುನ್ನ ಪಾಲಿಸಬೇಕಾದ ಮಾತು, ಮುತ್ಯಾನವರ ಕಡತಕ್ಕೆ ಅದು ಒದಗುವುದಿಲ್ಲ. ಮೌನದಲ್ಲಿ ಸದ್ದು ಎದ್ದು ಕೇಳುತ್ತದೆ ಎಂಬ ಸಿಂಧನೂರಿನವರ ಮಾತು ನಿಜ, ಆದರೆ ಗೇಟ್ ಹಾಕಿದರೆ ಪ್ರತಿ ವಾಕ್ಯದ ಜೊತೆಗೆ ಫ್ಯಾನ್ ಹೊತ್ತಿಕೊಂಡು ವಾಕ್ಯ ಮುಗಿದಾಗ ಆರಿಹೋಗುತ್ತದೆ. ಒಂದೇ ಸಮ ತಿರುಗುವ ಫ್ಯಾನನ್ನು ಕಿವಿ ಎರಡು ನಿಮಿಷದಲ್ಲಿ ಮರೆಯುತ್ತದೆ, ಹೀಗೆ ಬಂದು ಹೋಗುವ ಫ್ಯಾನನ್ನು ಮರೆಯುವುದಿಲ್ಲ. ಅಲ್ಲದೆ ವಯಸ್ಸಾದವರು ಪದದ ಕೊನೆಯನ್ನು ಮೆಲ್ಲಗೆ ಬಿಡುತ್ತಾರೆ, ಗೇಟ್ ಅದನ್ನೇ ಮೊದಲು ಕತ್ತರಿಸುತ್ತದೆ.

ನೀರಿನ ಸದ್ದು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. `Noise Reduction` ಧ್ವನಿಯನ್ನು ನೂರಾರು ಸಣ್ಣ ಪಟ್ಟಿಗಳಾಗಿ ಸೀಳುತ್ತದೆ, ಒಂದೊಂದು ಪಟ್ಟಿಯಲ್ಲೂ, ಬರೀ ಫ್ಯಾನ್ ಕೇಳುವ ಜಾಗದಿಂದ ನೀವು ಆಯ್ದು ಕೊಟ್ಟ ಮಾದರಿಗಿಂತ ಕೆಳಗಿರುವುದನ್ನೆಲ್ಲ ಅದುಮುತ್ತದೆ. ಫ್ಯಾನಿನ ಗಾಳಿಯ ಸದ್ದು ನಮಗೆ ಸಮವಾಗಿ ಕೇಳಿದರೂ ಕ್ಷಣಕ್ಷಣಕ್ಕೂ ಒಂದಲ್ಲ ಒಂದು ಪಟ್ಟಿಯಲ್ಲಿ ಮಾದರಿಗಿಂತ ಮೇಲಕ್ಕೆ ಚಿಮ್ಮುತ್ತಿರುತ್ತದೆ. ಹಾಗೆ ತಪ್ಪಿಸಿಕೊಂಡ ಚೂರುಗಳು, ಉಳಿದದ್ದೆಲ್ಲ 20 ಡೆಸಿಬೆಲ್‌ನಷ್ಟು ಕೆಳಗಿಳಿದಾಗ, ಒಂಟಿಯಾಗಿ ತೊಟ್ಟಿಕ್ಕುವ ಹನಿಗಳಂತೆ ಕೇಳುತ್ತವೆ. 6 ಅಥವಾ 8 ಡೆಸಿಬೆಲ್ ಮಾತ್ರ ಇಳಿಸಿದರೆ ಉಳಿದ ಫ್ಯಾನ್ ಸದ್ದೇ ಆ ಹನಿಗಳನ್ನು ಮುಚ್ಚಿಕೊಳ್ಳುತ್ತದೆ. ಫ್ಯಾನನ್ನು ಪೂರ್ತಿ ತೆಗೆಯುವ ಆಸೆ ಬಿಟ್ಟವರಿಗೆ ಮಾತ್ರ ಮಾತು ಸಹಜವಾಗಿ ಉಳಿಯುತ್ತದೆ ಎಂಬುದು ನನ್ನ ಅನುಭವ.

ಈಗ ಮೂರು ವಿಷಯ ತಿಳಿಸಿ. ನಿಮ್ಮ ಹತ್ತಿರ ಇರುವುದು ಮೊಬೈಲಿನ ಮೂಲ ಕಡತವೋ, ವಾಟ್ಸಾಪಿನಲ್ಲಿ ತಿರುಗಿ ಬಂದದ್ದೋ? ಎಷ್ಟು ಡೆಸಿಬೆಲ್ ಇಟ್ಟಿದ್ದಿರಿ? ಫ್ಯಾನಿನ ಮಾದರಿಯನ್ನು ಯಾವ ಜಾಗದಿಂದ ತೆಗೆದುಕೊಂಡಿರಿ?

ಕೇಳಿದವರು: ವಾಟ್ಸಾಪಿನಲ್ಲಿ ಬಂದದ್ದನ್ನೇ ಬಳಸಿದ್ದೆ ಸರ್, ಮೂಲ m4a ಕಡತ ಹಳೆಯ ಮೊಬೈಲಿನಲ್ಲಿ ಈಗ ಸಿಕ್ಕಿದೆ. ಇಟ್ಟದ್ದು 24. ಹನ್ನೊಂದನೆಯ ನಿಮಿಷದಲ್ಲಿ ಮುತ್ಯಾ ನೀರು ಕುಡಿಯಲು ಎಂಟು ಸೆಕೆಂಡು ನಿಲ್ಲಿಸಿದ್ದರು, ಮಾದರಿ ಅಲ್ಲಿಂದ ತೆಗೆದೆ. ಇನ್ನೊಂದು ವಿಚಿತ್ರ ಕಂಡೆ: ಅವರು "ಹೊಳಿ ದಂಡಿಗೆ ನಮ್ಮ ಹೊಲ ಇತ್ತು" ಅಂದದ್ದು ಸದ್ದು ತೆಗೆದ ಮೇಲೆ "ಒಳಿ ದಂಡಿಗೆ ನಮ್ಮ ಒಲ ಇತ್ತು" ಎಂದು ಕೇಳುತ್ತದೆ.

ಬಳ್ಳಾರಿಯವರು: ನಿಮ್ಮ "ಒಳಿ"ಯಲ್ಲೇ ಉತ್ತರವಿದೆ. ಹಕಾರ ಎಂದರೆ ಬರೀ ಉಸಿರು, ಸದ್ದು ತೆಗೆಯುವ ತಂತ್ರಾಂಶಕ್ಕೆ ಅದಕ್ಕೂ ಫ್ಯಾನಿನ ಗಾಳಿಗೂ ಭೇದ ತಿಳಿಯುವುದಿಲ್ಲ. ಖ, ಥ, ಭ ಮುಂತಾದ ಮಹಾಪ್ರಾಣಗಳ ಉಸಿರೂ, ಟೇಪಿನ ಹಿಸ್ ತೆಗೆಯುವಾಗ ಸ, ಶ, ಷಗಳ ತುದಿಯೂ ಹೀಗೆಯೇ ಹೋಗುತ್ತವೆ. ನಾನು ಅಳತೆ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಈ ಅಕ್ಷರಗಳಿಂದಲೇ ಪರೀಕ್ಷಿಸುತ್ತೇನೆ.

ಎಂಟು ಸೆಕೆಂಡಿನ ಮೌನ ಒಳ್ಳೆಯ ಮಾದರಿಯಂತೆ ಕಾಣುತ್ತದೆ, ಮೊಬೈಲಿನ ಮುದ್ರಣದಲ್ಲಿ ಮಾತ್ರ ಅದು ಮೋಸ ಮಾಡುತ್ತದೆ. ಬಹಳಷ್ಟು ಮೊಬೈಲುಗಳು ಮಾತು ಕೇಳಿದಾಗ ಮೈಕಿನ ಮಟ್ಟವನ್ನು ತಾವೇ ಇಳಿಸುತ್ತವೆ, ಮೌನವಾದಾಗ ನಿಧಾನವಾಗಿ ಏರಿಸುತ್ತವೆ. ನಿಮ್ಮ ಎಂಟು ಸೆಕೆಂಡಿನ ಕೊನೆಯಲ್ಲಿ ಫ್ಯಾನಿನ ಅಲೆ ಮೊದಲಿಗಿಂತ ದಪ್ಪವಾಗಿದ್ದರೆ ಹಾಗೆಯೇ ಆಗಿದೆ ಎಂದು ತಿಳಿಯಿರಿ. ಮಾತಿನ ಅಡಿಯಲ್ಲಿರುವ ಫ್ಯಾನ್ ಸಣ್ಣದು, ನೀವು ಕೊಟ್ಟ ಮಾದರಿ ದೊಡ್ಡದು. ಆ ಹೆಚ್ಚುವರಿಯನ್ನು ತಂತ್ರಾಂಶ ಮಾತಿನಿಂದಲೇ ವಸೂಲು ಮಾಡುತ್ತದೆ. ಇದಕ್ಕೆ ನಾನು ಮಾಡುವುದೇನೆಂದರೆ, ಎರಡು ವಾಕ್ಯಗಳ ನಡುವೆ ಅರ್ಧ ಸೆಕೆಂಡಿನಷ್ಟು ಬಿಡುವಿರುವ, ಉಸಿರೆಳೆದ ಸದ್ದಿಲ್ಲದ ಐದಾರು ಜಾಗಗಳನ್ನು ನಕಲಿಸಿ ಬೇರೊಂದು ಟ್ರ್ಯಾಕಿನಲ್ಲಿ ಸಾಲಾಗಿ ಜೋಡಿಸುತ್ತೇನೆ, ಆ ಜೋಡಣೆಯನ್ನು ಆಯ್ದು `Get Noise Profile` ಒತ್ತುತ್ತೇನೆ. ಮಾತು ನಿಂತ ಕೂಡಲೇ ಸಿಗುವ ಫ್ಯಾನೇ ಮಾತಿನ ಅಡಿಯ ಫ್ಯಾನಿಗೆ ಹತ್ತಿರದ್ದು.

ಅದಕ್ಕೂ ಮೊದಲು ಫ್ಯಾನಿನ ಗುಂಯ್‌ಗುಡುವಿಕೆಯನ್ನು ಬೇರೆಯಾಗಿ ತೆಗೆಯಿರಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಮೋಟರಿನ ಗುಂಯ್‌ಕಾರ ಅದರ ಇಮ್ಮಡಿ 100ರಲ್ಲಿ ಗಟ್ಟಿಯಾಗಿರುತ್ತದೆ. ಮೂಲ ಕಡತವನ್ನು ಹೀಗೆ ಪರಿವರ್ತಿಸಿದರೆ 80ರ ಕೆಳಗಿನ ಗಾಳಿಯ ಗುಡುಗುಡು ಅಲ್ಲೇ ಇಳಿಯುತ್ತದೆ:

```
ffmpeg -i mutya.m4a -af highpass=f=80 mutya.wav
```

ಗಂಡಸರ ದನಿಯ ತಳ ಸಾಮಾನ್ಯವಾಗಿ 80ರ ಮೇಲೆಯೇ ಇರುವುದರಿಂದ ಇದರಿಂದ ಹಾನಿ ಕಡಿಮೆ. `Plot Spectrum` ತೆರೆದಾಗ 100ರಲ್ಲಿ ಮೊಳೆಯಂತೆ ಗೆರೆ ಎದ್ದಿದ್ದರೆ ಮಾತ್ರ `Notch Filter`ನಲ್ಲಿ 100 ಇಟ್ಟು, Q ಅನ್ನು 20ರಷ್ಟು ಇಡಿ. ಆಗ ಕತ್ತರಿಸುವ ಅಗಲ 5 ಹರ್ಟ್ಸ್ ಮಾತ್ರ. ಮೊಳೆ ಕಾಣದಿದ್ದರೆ ಮುಟ್ಟಬೇಡಿ, ಗಂಡಸರ ದನಿ ಓಡಾಡುವ ಜಾಗವೂ ಅದೇ.

ಆಮೇಲೆ `Noise Reduction` 8, `Sensitivity` 4 ಇಟ್ಟು, 40 ನಿಮಿಷಕ್ಕೆಲ್ಲ ಹಾಕುವ ಮೊದಲು ಹೊಳೆಯ ಮಾತಿರುವ ಅರ್ಧ ನಿಮಿಷವನ್ನು ಆಯ್ದು, `Residue` ಗುರುತು ಮಾಡಿ `Preview` ಕೇಳಿ. ಅದರಲ್ಲಿ ತೆಗೆದು ಬಿಸಾಡುತ್ತಿರುವುದಷ್ಟೇ ಕೇಳಿಸುತ್ತದೆ. ಬರೀ ಫ್ಯಾನ್ ಕೇಳಿದರೆ ಸರಿ. ಅದರೊಳಗೆ ಮುತ್ಯಾನವರು ಪಿಸುಗುಟ್ಟಿದಂತೆ ಪದಗಳು ತಿಳಿಯತೊಡಗಿದರೆ `Sensitivity` ಇಳಿಸಿ. ತೀರ ಇಳಿಸಿದರೆ ಹನಿಗಳ ಸದ್ದು ಮರಳುತ್ತದೆ, ಆಗ ಡೆಸಿಬೆಲ್ಲನ್ನೇ 6ಕ್ಕೆ ತನ್ನಿ. ದನಿಯ ಮಟ್ಟ ಏರಿಸುವುದು, ಕಂಪ್ರೆಸರ್ ಹಾಕುವುದು ಇವೆಲ್ಲ ಕಟ್ಟಕಡೆಗೆ ಇರಲಿ.

ವಾಟ್ಸಾಪಿನ ಪ್ರತಿಯನ್ನು ಬಿಟ್ಟುಬಿಡಿ. ಗಾತ್ರ ತಗ್ಗಿಸುವಾಗಲೇ ಅದರ ಗಾಳಿಯ ಸದ್ದು ಅರ್ಧ ಕಲಸಿಹೋಗಿರುತ್ತದೆ.

ಸಿಂಧನೂರಿನವರು: ಗೇಟಿನ ವಿಷಯ ಒಪ್ಪಿದೆ. ಆದರೆ ಒಂದೇ ಸಲ 8 ಹಾಕುವುದಕ್ಕಿಂತ 4ರಂತೆ ಎರಡು ಸಲ ಹಾಕಿದರೆ ಇನ್ನೂ ಮೃದುವಾಗಿ ಬರುತ್ತದೆ ಎಂದು ಕೇಳಿದ್ದೇನೆ, ನಾನು ಹಾಗೆಯೇ ಮಾಡುವುದು.

ಬಳ್ಳಾರಿಯವರು: ಎರಡನೆಯ ಸಲಕ್ಕೆ ಹೊಸದಾಗಿ ಮಾದರಿ ತೆಗೆದುಕೊಂಡರೆ ಅದರಲ್ಲಿ ಅರ್ಥವಿದೆ. ಹಳೆಯ ಮಾದರಿಯನ್ನೇ ಬಳಸಿದರೆ, ಆಗಲೇ ಇಳಿದಿರುವ ಫ್ಯಾನಿಗೆ ಅದು ದೊಡ್ಡದಾಗಿ, ಮತ್ತೆ ಹಕಾರವೇ ಹೋಗುತ್ತದೆ. ಇಷ್ಟು ಸಣ್ಣ ಅಳತೆಯಲ್ಲಿ ನನ್ನ ಕಿವಿಗೆ ವ್ಯತ್ಯಾಸ ಕಂಡಿಲ್ಲ, ನಿಮಗೆ ಕಂಡಿದ್ದರೆ ನಾನು ವಾದಿಸುವುದಿಲ್ಲ.

ಉಪನ್ಯಾಸಕರ ಹಾರ್ನಿಗೆ ಈ ದಾರಿ ಹಿಡಿಯುವುದಿಲ್ಲ, ಏಕೆಂದರೆ ಬಂದು ಹೋಗುವ ಸದ್ದಿಗೆ ಮಾದರಿಯೇ ಇರುವುದಿಲ್ಲ. ಲಾರಿಯ ಗುಡುಗು ಹೈಪಾಸನ್ನು 100ಕ್ಕೆ ಏರಿಸಿದರೆ ತಕ್ಕಮಟ್ಟಿಗೆ ಹೋಗುತ್ತದೆ. ಹಾರ್ನ್ `Spectrogram` ನೋಟದಲ್ಲಿ ರೂಲು ಹಿಡಿದು ಎಳೆದಂಥ ಅಡ್ಡಗೆರೆಗಳಾಗಿ ಕಾಣುತ್ತದೆ, ಮಾತಿನ ಗೆರೆಗಳು ಬಳ್ಳಿಯಂತೆ ಬಾಗುತ್ತವೆ. ಆ ಅಡ್ಡಗೆರೆಯನ್ನಷ್ಟೇ ಸಣ್ಣ ಚೌಕದಲ್ಲಿ ಆಯ್ದು `Spectral Delete` ಮಾಡಬಹುದು. ಪಾಠವಾದರೆ ಆ ವಾಕ್ಯವನ್ನು ಇನ್ನೊಮ್ಮೆ ಹೇಳಿ ಮುದ್ರಿಸುವುದು ಇದಕ್ಕಿಂತ ಬೇಗ ಮುಗಿಯುವ ಕೆಲಸ.

ರಾಯಚೂರಿನ ಉಪನ್ಯಾಸಕರು: ಪ್ರಶ್ನೆಯನ್ನು ಸರಿಯಾಗಿ ಓದದೆ ಬರೆದಿದ್ದೆ, ಕ್ಷಮಿಸಿ ತಂಗಿ. ಹಾರ್ನಿನ ಗೆರೆ ನೋಡಿದೆ, ನಿಜವಾಗಿಯೂ ರೂಲು ಎಳೆದಂತೆಯೇ ಇದೆ.

ಕೇಳಿದವರು: ನಿನ್ನೆ ರಾತ್ರಿ ಮೂಲ ಕಡತದ ಮೇಲೆ ಕೂತೆ. ನೀರು ಕುಡಿದ ಎಂಟು ಸೆಕೆಂಡಿನಲ್ಲಿ ಅಲೆ ಕೊನೆಗೆ ದಪ್ಪವಾಗಿರುವುದು ಕಣ್ಣಿಗೇ ಕಾಣಿಸಿತು. ಆರು ಜಾಗದ ತುಣುಕು ಜೋಡಿಸಿ ಮಾದರಿ ಕೊಟ್ಟೆ. 8ರಲ್ಲಿ `Residue` ಒಳಗೆ "ದಂಡಿಗೆ" ಎಂಬುದು ಮಸುಕಾಗಿ ಕೇಳಿತು, 6ಕ್ಕೆ ಇಳಿಸಿ `Sensitivity` 3 ಮಾಡಿದ ಮೇಲೆ ಹೋಯಿತು. 100ರಲ್ಲಿ ಮೊಳೆ ಇರಲಿಲ್ಲ, ಬಿಟ್ಟೆ. ಈಗ "ಹೊಳಿ" ಹೊಳಿಯಾಗಿಯೇ ಕೇಳುತ್ತದೆ. ಫ್ಯಾನ್ ಹಿಂದೆ ಇದೆ, ಅವ್ವ ಅದನ್ನು ಗಮನಿಸಲೇ ಇಲ್ಲ. ಒಂದು ಮಾತ್ರ ಉಳಿದಿದೆ: ಮುತ್ಯಾ ದನಿ ಎತ್ತಿ ಮಾತನಾಡಿದಲ್ಲೆಲ್ಲ ದನಿ ತಟತಟನೆ ನಡುಗುತ್ತದೆ. ಅದನ್ನು ತಂತ್ರಾಂಶ ಮುಟ್ಟಿಯೇ ಇಲ್ಲ.

ಬಳ್ಳಾರಿಯವರು: ಅದು ಫ್ಯಾನಿನ ಸದ್ದಲ್ಲ ತಂಗಿ, ರೆಕ್ಕೆ ಮುತ್ಯಾನವರ ದನಿಯನ್ನೇ ಕತ್ತರಿಸಿದ ಗುರುತು. ಮೂರು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 350 ಸುತ್ತು ತಿರುಗಿದರೆ, ರೆಕ್ಕೆಗಳಿಗೆ ಬಡಿದು ಮರಳುವ ದನಿ ಸೆಕೆಂಡಿಗೆ 17–18 ಸಲ ಏರಿಳಿಯುತ್ತದೆ. ಆ ನಡುಕ ಮಾತಿನೊಳಗೇ ಸೇರಿರುವುದರಿಂದ ಮಾದರಿ ಕೊಟ್ಟು ತೆಗೆಯುವಂಥದ್ದಲ್ಲ. ನಾನು ಒಂದೆರಡು ಕಡೆ ಏರಿಳಿತವನ್ನು ಕೈಯಿಂದ ಸರಿದೂಗಿಸಲು ಹೋಗಿ ಕೈಬಿಟ್ಟಿದ್ದೇನೆ. ಬೇರೆ ಯಾರಾದರೂ ಇದನ್ನು ಗೆದ್ದಿದ್ದರೆ ನನಗೂ ತಿಳಿಯಬೇಕಾಗಿದೆ.